89 ರೂಪಾಯಿಯ ಆಟದ ನಾಣ್ಯಕ್ಕೆ 120 ರೂಪಾಯಿ: ಪ್ರೀಪೇಯ್ಡ್ ಬ್ಯಾಲೆನ್ಸ್‌ನಿಂದ ಕೊಂಡ ಅನುಭವ

ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮಗ ಮೊಬೈಲಿನಲ್ಲಿ ಆಡುವ ಒಂದು ಆಟದೊಳಗೆ 89 ರೂಪಾಯಿಯ ನಾಣ್ಯಗಳ ಪ್ಯಾಕ್ ಒಂದಿದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಕೊಡಿಸುತ್ತೇನೆಂದು ನಾನು ಒಪ್ಪಿಕೊಂಡಿದ್ದೆ. ಅವನು ಬಳಸುವ ಹಳೆಯ ಫೋನಿಗೆ ನನ್ನ ಬ್ಯಾಂಕ್ ಖಾತೆಯನ್ನಾಗಲಿ ಯುಪಿಐಯನ್ನಾಗಲಿ ಜೋಡಿಸಬಾರದೆಂಬುದು ನಮ್ಮ ಮನೆಯ ನಿಯಮವಾದ್ದರಿಂದ, ಸಿಮ್‌ನಲ್ಲಿರುವ ಬ್ಯಾಲೆನ್ಸ್‌ನಿಂದಲೇ ಹಣ ಕಡಿತವಾಗುವ ವಿಧಾನವನ್ನು ಆರಿಸಿಕೊಂಡೆವು. ಬ್ಯಾಲೆನ್ಸ್ ಇದ್ದಷ್ಟೇ ಖರ್ಚಾಗುತ್ತದೆ, ಅದಕ್ಕಿಂತ ಹೆಚ್ಚು ಹೋಗಲು ದಾರಿಯೇ ಇಲ್ಲ ಎಂಬ ಲೆಕ್ಕಾಚಾರ ಇದರ ಹಿಂದಿತ್ತು, ಮತ್ತು ಆ ಲೆಕ್ಕಾಚಾರ ಇಂದಿಗೂ ಸರಿಯಾಗಿಯೇ ಇದೆ. ಆದರೆ ಅಂಗಡಿಯಲ್ಲಿ ಕೊಟ್ಟ ನೋಟು ಆಟದ ನಾಣ್ಯವಾಗಿ ಬದಲಾಗುವ ತನಕದ ಹಾದಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಸೋರಿಹೋಗುತ್ತದೆ ಎಂಬುದು ಯಾವ ಪರದೆಯ ಮೇಲೂ ಒಟ್ಟಾಗಿ ಕಾಣುವುದಿಲ್ಲ. ಇದೇ ದಾರಿಯಲ್ಲಿ ಹೋಗಬೇಕೆಂದಿರುವ ಪೋಷಕರಿಗೆ ಆ ಲೆಕ್ಕ ಮೊದಲೇ ಸಿಗಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಅಡ್ಡಿ ಎದುರಾದದ್ದು ರೀಚಾರ್ಜ್ ಎಂಬುದರಲ್ಲೇ. ಆ ಸಿಮ್‌ಗೆ ಪ್ರತಿ 28 ದಿನಕ್ಕೊಮ್ಮೆ ತಪ್ಪದೆ ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸುತ್ತಿದ್ದೆವು. ಆದರೂ ಬ್ಯಾಲೆನ್ಸ್ ಪರೀಕ್ಷಿಸಿದಾಗ ಮುಖ್ಯ ಖಾತೆಯಲ್ಲಿ ಸೊನ್ನೆ ರೂಪಾಯಿ ಎಂದು ಬಂತು. ಪ್ಯಾಕ್ ಹಾಕಿಸಿದಾಗ ನಮಗೆ ದೊರೆಯುವುದು ನಿಗದಿತ ಅವಧಿಯ ಕರೆ, ಡೇಟಾ ಮತ್ತು ಎಸ್‌ಎಂಎಸ್ ಮಾತ್ರ. ಅದರಲ್ಲಿ ಹಣದ ರೂಪದ ಬ್ಯಾಲೆನ್ಸ್ ಒಂದು ಪೈಸೆಯೂ ಇರುವುದಿಲ್ಲ. ಆಟದ ನಾಣ್ಯಕ್ಕೆ ಬೇಕಾಗುವುದು ಹಿಂದೆ ನಾವೆಲ್ಲ ಟಾಕ್‌ಟೈಮ್ ಎಂದು ಕರೆಯುತ್ತಿದ್ದ ಆ ಮುಖ್ಯ ಬ್ಯಾಲೆನ್ಸ್, ಮತ್ತು ಅದು ಟಾಪ್-ಅಪ್ ಹಾಕಿಸಿದರೆ ಮಾತ್ರ ಬರುತ್ತದೆ. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ರೀಚಾರ್ಜ್ ಎಂದಾಗ, ಅಂಗಡಿಯ ಹುಡುಗ "ಪ್ಯಾಕಾ ಸಾರ್, ಟಾಪ್-ಅಪ್ಪಾ? ಟಾಪ್-ಅಪ್ ಈಗ ಯಾರೂ ಹಾಕಿಸಲ್ಲ, ಅದಕ್ಕೇ ಕೇಳ್ದೆ" ಎಂದ. ಅವನು ಕೇಳಿದ್ದು ಒಳ್ಳೆಯದೇ ಆಯಿತು. ಕೇಳದೆ ಡೇಟಾ ಪ್ಯಾಕ್ ಹಾಕಿಬಿಟ್ಟಿದ್ದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿರಲಿಲ್ಲ.

ನೂರು ರೂಪಾಯಿಯ ಟಾಪ್-ಅಪ್ ಆದ ಕೂಡಲೇ ಕಂಪನಿಯಿಂದ ಬಂದ ಸಂದೇಶದಲ್ಲಿ ದೊರೆತ ಟಾಕ್‌ಟೈಮ್ 81 ರೂಪಾಯಿ 75 ಪೈಸೆ ಎಂದಿತ್ತು. ಮಗನ ಮುಖ ಸಣ್ಣದಾಯಿತು. "ಅಪ್ಪ, ಅಂಗಡಿಯವನು ಕಮಿಷನ್ ಹೊಡೆದ" ಎಂದು ಅವನು ಅಲ್ಲೇ ಹೇಳಿದ. ಅಂಗಡಿಯವನದು ಇದರಲ್ಲಿ ಏನೂ ಇರಲಿಲ್ಲ. ಟಾಕ್‌ಟೈಮ್ ಎಂಬುದು ದೂರಸಂಪರ್ಕ ಸೇವೆಯಾದ್ದರಿಂದ ಅದರ ಮೇಲೆ ಶೇ. 18ರ ಜಿಎಸ್‌ಟಿ ಇದೆ, ಮತ್ತು ನಾವು ಕೊಟ್ಟ ನೂರರೊಳಗೇ ಆ ತೆರಿಗೆ ಅಡಕವಾಗಿದೆ. ನೂರನ್ನು 1.18ರಿಂದ ಭಾಗಿಸಿದರೆ ಉಳಿಯುವುದು ರೂ. 84.75. ಅದರಿಂದ ಸಂಸ್ಕರಣಾ ಶುಲ್ಕವೆಂದು ಮೂರು ರೂಪಾಯಿ ಕಳೆದರೆ ರೂ. 81.75. ಈ ಶುಲ್ಕಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಿತಿ ಹಾಕಿದೆ, ಹಾಗಾಗಿ ಕಂಪನಿ ತನಗೆ ತೋಚಿದಷ್ಟು ಕತ್ತರಿಸಿಕೊಂಡಿತೆನ್ನಲೂ ಆಗದು. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು. ಆದರೆ ನಮಗೆ ಬೇಕಿದ್ದ 89ಕ್ಕೆ ಇನ್ನೂ ಏಳೂಕಾಲು ರೂಪಾಯಿ ಸಾಲದಾಗಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪ್ಲೇ ಸ್ಟೋರ್ ನಮ್ಮ ದೇಶದಲ್ಲಿ ತೋರಿಸುವ ಬೆಲೆಯಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ. ಅಂದರೆ 89 ರೂಪಾಯಿಯ ನಾಣ್ಯಕ್ಕೆ ಒಂದು ತೆರಿಗೆ ಆ 89ರೊಳಗೇ ಇದೆ. ಅದೇ ನಾಣ್ಯವನ್ನು ಟಾಕ್‌ಟೈಮ್‌ನಿಂದ ಕೊಂಡಾಗ, ಆ ಟಾಕ್‌ಟೈಮ್ ಪಡೆಯುವಾಗಲೇ ಇನ್ನೊಂದು ತೆರಿಗೆ ಕಟ್ಟಿ ಆಗಿರುತ್ತದೆ. ನಾವು ಕರೆಯೊಂದನ್ನೂ ಮಾಡದೆ, ದೂರಸಂಪರ್ಕ ಸೇವೆಯ ತೆರಿಗೆಯನ್ನು ಆಟದ ನಾಣ್ಯಕ್ಕಾಗಿ ಕಟ್ಟುತ್ತಿದ್ದೇವೆ. ದೊಡ್ಡ ಮೊತ್ತದ ಟಾಪ್-ಅಪ್ ಹಾಕಿಸಿದರೆ ಸಂಸ್ಕರಣಾ ಶುಲ್ಕ ಉಳಿಯಬಹುದು. ಉದಾಹರಣೆಗೆ 500 ರೂಪಾಯಿಯ ಟಾಪ್-ಅಪ್‌ಗೆ ರೂ. 423.73 ಟಾಕ್‌ಟೈಮ್ ಕೊಡುವ ಯೋಜನೆಯಿದ್ದು, ಅಲ್ಲಿ ಕಡಿತವಾಗುವುದು ತೆರಿಗೆ ಮಾತ್ರ. ಆದರೆ ತೆರಿಗೆಯನ್ನು ತಪ್ಪಿಸುವ ಮೊತ್ತ ಯಾವುದೂ ಇಲ್ಲ. ಬೇರೆ ಯಾವ ಶುಲ್ಕವೂ ಇಲ್ಲವೆಂದುಕೊಂಡರೂ, 89 ರೂಪಾಯಿ ಬ್ಯಾಲೆನ್ಸ್ ಬರಲು ನಾವು ಕೈಯಿಂದ 105 ರೂಪಾಯಿ ಕೊಡಲೇಬೇಕು. ಆಟದ ಪರದೆಯ ಮೇಲಿರುವ ಬೆಲೆಯನ್ನು 1.18ರಿಂದ ಗುಣಿಸಿ, ಅದಕ್ಕೆ ನಾಲ್ಕೈದು ರೂಪಾಯಿ ಕೂಡಿಸಿಕೊಂಡರೆ ನಿಜವಾದ ಬೆಲೆಯ ಅಂದಾಜು ಸಿಗುತ್ತದೆ.

ಬ್ಯಾಲೆನ್ಸ್ ಅರ್ಧ, ಬೇರೆ ವಿಧಾನದ ಹಣ ಅರ್ಧ ಎಂದು ಒಂದೇ ಖರೀದಿಗೆ ಎರಡನ್ನು ಸೇರಿಸಲು ಅವಕಾಶ ಕಾಣದ ಕಾರಣ, ಕೊರತೆಯನ್ನು ಮತ್ತೊಂದು ಟಾಪ್-ಅಪ್‌ನಿಂದಲೇ ತುಂಬಬೇಕಾಯಿತು. ಹತ್ತು ರೂಪಾಯಿಯ ಟಾಪ್-ಅಪ್‌ಗೆ ಬರುವುದು ರೂ. 7.47. ಒಟ್ಟು ಬ್ಯಾಲೆನ್ಸ್ ರೂ. 89.22 ಆಯಿತು. ಬೇಕಾದದ್ದಕ್ಕಿಂತ 22 ಪೈಸೆ ಹೆಚ್ಚು! ಮಗ ಈ ಲೆಕ್ಕವನ್ನು ಕಾಗದದ ಮೇಲೆ ಮೊದಲೇ ಮಾಡಿ ತೋರಿಸಿದ್ದ, ಆದ್ದರಿಂದ ಅವನಿಗೆ ಅದೊಂದು ಗೆಲುವೇ ಆಗಿತ್ತು.

ಆಮೇಲೆ ಫೋನಿನ ಕಡೆಯ ಕೆಲಸ. ಪ್ಲೇ ಸ್ಟೋರ್ ತೆರೆದು, ಮೇಲಿನ ಬಲಮೂಲೆಯ ಚಿತ್ರವನ್ನು ಒತ್ತಿ, Payments & subscriptions ಎಂಬಲ್ಲಿಗೆ ಹೋಗಿ, ಅದರೊಳಗೆ Payment methods ಎಂಬುದನ್ನು ತೆರೆದರೆ, ನಮ್ಮ ಸಿಮ್‌ನ ಕಂಪನಿ ಈ ಸೌಲಭ್ಯ ಕೊಡುತ್ತಿದ್ದಲ್ಲಿ ಆ ಕಂಪನಿಯ ಹೆಸರಿನ ಬಿಲ್ಲಿಂಗ್ ಆಯ್ಕೆ ಪಟ್ಟಿಯಲ್ಲಿ ಕಾಣುತ್ತದೆ. ನಮ್ಮ ಫೋನಿನಲ್ಲಿ ಮೊದಲಿಗೆ ಅದು ಕಾಣಲೇ ಇಲ್ಲ. ಎರಡು ಸಿಮ್‌ಗಳ ಫೋನ್ ಅದು, ಬ್ಯಾಲೆನ್ಸ್ ಇದ್ದ ಸಿಮ್ ಎರಡನೆಯ ಕಿಂಡಿಯಲ್ಲಿತ್ತು. ಅದನ್ನು ಮೊದಲ ಕಿಂಡಿಗೆ ಬದಲಿಸಿ, ವೈಫೈ ಆರಿಸಿ, ಮೊಬೈಲ್ ಡೇಟಾ ಹಾಕಿ ಫೋನನ್ನು ಮತ್ತೆ ಆರಂಭಿಸಿದ ಮೇಲೆ ಆಯ್ಕೆ ಬಂತು. ಎಲ್ಲ ಕಂಪನಿಗಳೂ ಈ ಸೌಲಭ್ಯವನ್ನು ಕೊಡುವುದಿಲ್ಲ. ಆದ್ದರಿಂದ ಹಣ ಹಾಕಿಸುವ ಮೊದಲೇ ಈ ಪಟ್ಟಿಯನ್ನು ತೆರೆದು ನೋಡುವುದು ಒಳ್ಳೆಯದು. ಟಾಪ್-ಅಪ್ ಹಾಕಿಸಿದ ನಂತರ ಆಯ್ಕೆಯೇ ಇಲ್ಲವೆಂದು ತಿಳಿದರೆ ಆ ಬ್ಯಾಲೆನ್ಸ್ ಮರಳಿ ನಗದಾಗುವುದಿಲ್ಲ.

ಆಯ್ಕೆಯನ್ನು ಒತ್ತಿದಾಗ, ಈ ಸಂಖ್ಯೆ ನಿಜಕ್ಕೂ ಈ ಫೋನಿನಲ್ಲಿದೆಯೆಂದು ಖಚಿತಪಡಿಸಿಕೊಳ್ಳಲು ಫೋನ್ ತಾನಾಗಿಯೇ ಒಂದು ಎಸ್‌ಎಂಎಸ್ ಕಳುಹಿಸಿತು. ಕಳುಹಿಸಿದ ಸಂದೇಶಗಳ ಪಟ್ಟಿಯಲ್ಲಿ ಅದು DCB_Association ಎಂಬ ಪದದಿಂದ ಶುರುವಾಗಿ, ಮುಂದೆ ಅರ್ಥವಾಗದ ಅಕ್ಷರಗಳ ಸರಣಿಯಾಗಿ ಕಾಣಿಸಿತು. ಇದನ್ನು ಕಂಡು ಯಾರೋ ಫೋನಿನೊಳಗೆ ಹೊಕ್ಕಿದ್ದಾರೆಂದು ಗಾಬರಿಯಾಗಬೇಕಾಗಿಲ್ಲ. ಸಿಮ್ಮನ್ನು ಗೂಗಲ್ ಖಾತೆಗೆ ಜೋಡಿಸುವ ಸಂದೇಶ ಅದು. ಆದರೆ ನಮ್ಮ ಪ್ಯಾಕಿನಲ್ಲಿ ದಿನವೂ ಉಚಿತ ಎಸ್‌ಎಂಎಸ್ ಇದ್ದರೂ ಈ ಸಂದೇಶ ಆ ಲೆಕ್ಕಕ್ಕೆ ಸೇರಲಿಲ್ಲ. ಮುಖ್ಯ ಬ್ಯಾಲೆನ್ಸ್‌ನಿಂದ ಒಂದೂವರೆ ರೂಪಾಯಿ ಹೋಯಿತು. ವಿಶೇಷ ಸಂಖ್ಯೆಗಳಿಗೆ ಹೋಗುವ ಸಂದೇಶಗಳನ್ನು ಪ್ಯಾಕಿನ ಉಚಿತ ಸಂದೇಶಗಳಿಂದ ಹೊರಗಿಡುವುದುಂಟು ಎಂದು ಆಮೇಲೆ ಸಹಾಯವಾಣಿಯಲ್ಲಿ ತಿಳಿಸಿದರು. 89.22 ಇದ್ದದ್ದು 87.72 ಆಯಿತು. ಖರೀದಿಯ ಗುಂಡಿ ಒತ್ತಿದಾಗ ಪಾವತಿ ನಿರಾಕರಿಸಲಾಗಿದೆ ಎಂಬ ಒಂದು ಸಾಲು ಬಂತೇ ಹೊರತು, ಎಷ್ಟು ಕೊರತೆಯಿದೆ ಎಂಬ ವಿವರ ಬರಲಿಲ್ಲ. ಬ್ಯಾಲೆನ್ಸನ್ನು ಮತ್ತೆ ಪರೀಕ್ಷಿಸಿದಾಗಲೇ ವಿಷಯ ಗೊತ್ತಾದದ್ದು. 22 ಪೈಸೆಯ ಗೆಲುವು ಹೀಗೆ ಕರಗಿದ್ದನ್ನು ಕಂಡು ನನಗೆ ನಗು ಬಂದಿತ್ತು, ಮಗನಿಗೆ ಬರಲಿಲ್ಲ.

ಹೊಸದಾಗಿ ಮಾಡುವವರು ಮೊದಲು ಹತ್ತು ರೂಪಾಯಿಯ ಟಾಪ್-ಅಪ್ ಮಾತ್ರ ಹಾಕಿಸಿ ಈ ಜೋಡಣೆಯ ಕೆಲಸವನ್ನು ಮುಗಿಸಿಕೊಳ್ಳಿ. ಬ್ಯಾಲೆನ್ಸ್ ಸೊನ್ನೆ ಇದ್ದರೆ ಆ ಎಸ್‌ಎಂಎಸ್ ಹೋಗದೆ ಜೋಡಣೆ ವಿಫಲವಾಗಬಹುದು. ಜೋಡಣೆಯಾದ ಮೇಲೆ ಉಳಿದ ಬ್ಯಾಲೆನ್ಸ್ ಎಷ್ಟೆಂದು ನೋಡಿ, ದೊಡ್ಡ ಟಾಪ್-ಅಪ್‌ನ ಲೆಕ್ಕ ಹಾಕಿ.

ಇನ್ನೊಂದು ಹತ್ತು ರೂಪಾಯಿ ಹಾಕಿಸಿದ ನಂತರ ಬ್ಯಾಲೆನ್ಸ್ ರೂ. 95.19ಕ್ಕೆ ಏರಿತು. ಈ ಬಾರಿ ಖರೀದಿ ಮುಂದುವರಿಯಿತು. ಕಂಪನಿಯಿಂದ 89 ರೂಪಾಯಿ ಕಡಿತದ ಸಂದೇಶ ಬಂತು, ಗೂಗಲ್‌ನಿಂದ ರಸೀದಿಯ ಮಿಂಚಂಚೆಯೂ ಬಂತು, ಆದರೆ ಆಟದೊಳಗೆ ನಾಣ್ಯ ಮಾತ್ರ ಬರಲಿಲ್ಲ. ಆಟವನ್ನು ಮುಚ್ಚಿ ತೆರೆದೆವು, ಫೋನನ್ನು ಮತ್ತೆ ಆರಂಭಿಸಿದೆವು, ರಾತ್ರಿಯವರೆಗೆ ಕಾದೆವು. ಈ ಕಾಯುವಿಕೆಯಲ್ಲಿ ಮಗನಿಗಿಂತ ನಾನೇ ಹೆಚ್ಚು ಚಡಪಡಿಸಿದೆ. ಅವನಿಗೆ ನಾಣ್ಯದ ಚಿಂತೆ, ನನಗೆ ದೂರನ್ನು ಯಾರ ಬಳಿ ಹೇಳಬೇಕೆಂಬ ಚಿಂತೆ. ಹಣ ಕಡಿತ ಮಾಡಿದ್ದು ಫೋನ್ ಕಂಪನಿ, ಮಾರಿದ್ದು ಪ್ಲೇ ಸ್ಟೋರ್, ವಸ್ತು ಕೊಡಬೇಕಾದದ್ದು ಆಟದ ಕಂಪನಿ.

ಮರುದಿನ 198ಕ್ಕೆ ಕರೆ ಮಾಡಿದೆ. ದೂರು ದಾಖಲಿಸಲು ಇರುವ ಉಚಿತ ಸಂಖ್ಯೆ ಅದು. ಸಹಾಯವಾಣಿಯ ಹೆಣ್ಣುಮಗಳು ಸಾವಧಾನವಾಗಿ ಕೇಳಿಸಿಕೊಂಡು, "ಸರ್, ನಮ್ಮ ಕಡೆಯಿಂದ ಕಡಿತ ಯಶಸ್ವಿಯಾಗಿದೆ, ಮರುಪಾವತಿಯನ್ನು ನೀವು ಪ್ಲೇ ಸ್ಟೋರ್‌ನಲ್ಲೇ ಕೇಳಬೇಕು" ಎಂದರು. ಆದರೂ ದೂರಿನ ಸಂಖ್ಯೆಯನ್ನು ಕೇಳಿ ಪಡೆದೆ. ಆ ಸಂಖ್ಯೆಯಿಲ್ಲದಿದ್ದರೆ ಮುಂದೆ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಲು ಆಧಾರವೇ ಇರುವುದಿಲ್ಲ. ಕಡಿತದ ಸಂದೇಶ, GPA ಎಂಬ ಅಕ್ಷರಗಳಿಂದ ಆರಂಭವಾಗುವ ಆರ್ಡರ್ ಸಂಖ್ಯೆಯಿರುವ ಗೂಗಲ್ ರಸೀದಿ, ಆಟದೊಳಗಿನ ಮಗನ ಆಟಗಾರ ಸಂಖ್ಯೆ ಮತ್ತು ನಾಣ್ಯ ಬಂದಿಲ್ಲವೆಂದು ತೋರಿಸುವ ಪರದೆಯ ಚಿತ್ರ, ಇವಿಷ್ಟನ್ನು ಒಂದೆಡೆ ಇಟ್ಟುಕೊಂಡು ಆಟದ ಸಹಾಯ ವಿಭಾಗಕ್ಕೂ ಬರೆದೆ. ಅಲ್ಲಿಂದ ಸಿದ್ಧ ಉತ್ತರವೊಂದು ಬಂತೇ ಹೊರತು ನಾಣ್ಯ ಬರಲಿಲ್ಲ.

ಕೊನೆಗೆ ಸಮಸ್ಯೆ ಬಗೆಹರಿದದ್ದು ಇವರು ಯಾರಿಂದಲೂ ಅಲ್ಲ. ಪ್ಲೇ ಸ್ಟೋರ್‌ನ ವ್ಯವಸ್ಥೆಯಲ್ಲಿ ಒಂದು ನಿಯಮವಿದೆ. ಖರೀದಿ ನಡೆದ ಮೇಲೆ, ಅದನ್ನು ಸ್ವೀಕರಿಸಿದ್ದೇನೆ ಎಂದು ಆಟದ ಕಡೆಯಿಂದ ಗೂಗಲ್‌ಗೆ ಮರುಸೂಚನೆ ಹೋಗಬೇಕು. ಮೂರು ದಿನಗಳೊಳಗೆ ಅದು ಹೋಗದಿದ್ದರೆ ಖರೀದಿ ತಾನಾಗಿಯೇ ರದ್ದಾಗಿ ಹಣ ಮರುಪಾವತಿಯಾಗುತ್ತದೆ. ತಂತ್ರಾಂಶ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಇದನ್ನು ವಿವರಿಸಿ, "ಮಾವ, ನಾಣ್ಯ ಬಂದಿಲ್ಲ ಅಂದ್ರೆ ಮರುಸೂಚನೆಯೂ ಹೋಗಿರಲ್ಲ, ಸ್ವಲ್ಪ ತಡೀರಿ" ಎಂದಿದ್ದ. ಹಾಗೆಯೇ ಆಯಿತು. ಆರ್ಡರ್ ರದ್ದಾಗಿದೆ, ಹಣ ಮರಳಿಸಲಾಗಿದೆ ಎಂಬ ಮಿಂಚಂಚೆ ಬಂತು. ಸೋದರಳಿಯ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದ: ಮರುಸೂಚನೆ ಹೋಗಿಯೂ ನಾಣ್ಯ ಬಾರದ ಸಂದರ್ಭದಲ್ಲಿ ಈ ನಿಯಮ ನೆರವಿಗೆ ಬರುವುದಿಲ್ಲ. ಆದ್ದರಿಂದ ಖರೀದಿಯಾದ 48 ಗಂಟೆಗಳೊಳಗೆ ಪ್ಲೇ ಸ್ಟೋರ್‌ನಲ್ಲಿ ನಾವೇ ಮರುಪಾವತಿಯ ಕೋರಿಕೆ ಸಲ್ಲಿಸಿಡುವುದು ಸುರಕ್ಷಿತ.

ಮಿಂಚಂಚೆ ಬಂದ ಮಾತ್ರಕ್ಕೆ ಬ್ಯಾಲೆನ್ಸ್ ಬರಲಿಲ್ಲ. ಪ್ರೀಪೇಯ್ಡ್ ಸಿಮ್‌ಗೆ ಮರುಪಾವತಿಯಾಗಲು ಕೆಲಸದ ದಿನಗಳ ಲೆಕ್ಕದಲ್ಲಿ ಒಂದರಿಂದ ಮೂವತ್ತು ದಿನಗಳವರೆಗೆ ಹಿಡಿಯಬಹುದೆಂದು ಗೂಗಲ್ ಹೇಳುತ್ತದೆ. ಯುಪಿಐಯಲ್ಲಿ ಹಣ ಹೋಗಿ ಬಂದು ಅಭ್ಯಾಸವಾದವರಿಗೆ ಇದು ಬಹಳ ದೀರ್ಘವೆನಿಸುತ್ತದೆ. ಮರಳಿ ಬರುವುದು ಹಣವಲ್ಲ, ಬ್ಯಾಲೆನ್ಸ್ ಎಂಬುದನ್ನೂ ಗಮನಿಸಬೇಕು. ಟಾಪ್-ಅಪ್ ಮಾಡುವಾಗ ಕಡಿತವಾದ ತೆರಿಗೆಯೂ ಶುಲ್ಕವೂ ಮರುಪಾವತಿಯ ಲೆಕ್ಕದಲ್ಲಿ ಇರುವುದೇ ಇಲ್ಲ. ಅಂದರೆ ಆ ಹೊತ್ತಿಗೆ ನಾವು 120 ರೂಪಾಯಿ ಕೊಟ್ಟಾಗಿತ್ತು, ವಸ್ತು ಕೈಗೆ ಬಂದಿರಲಿಲ್ಲ, ಇಡೀ ಮೊತ್ತ ಮರಳಿದರೂ ನಮ್ಮದೆಂದು ಇರುತ್ತಿದ್ದದ್ದು ಬರೀ ಟಾಕ್‌ಟೈಮ್, ಅದೂ ರೂ. 95.19.

ಅಷ್ಟೂ ಉಳಿಯಲಿಲ್ಲ. ಮರುಪಾವತಿಗೆ ಕಾಯುತ್ತಿದ್ದಾಗ ಖಾತೆಯಲ್ಲಿದ್ದ ರೂ. 6.19 ಒಂದು ದಿನ ಇದ್ದಕ್ಕಿದ್ದಂತೆ ರೂ. 1.19 ಆಯಿತು. ಕಂಪನಿಯ ಆ್ಯಪ್‌ನಲ್ಲಿ ಬಳಕೆಯ ವಿವರ ತೆರೆದು ನೋಡಿದರೆ ಕಾಲರ್ ಟ್ಯೂನ್ ನವೀಕರಣಕ್ಕೆ ಐದು ರೂಪಾಯಿ ಎಂದಿತ್ತು. ಎಂದೋ ಆ ಸಿಮ್‌ನಲ್ಲಿ ಹಾಕಿಕೊಂಡಿದ್ದ ಹಾಡು ಅದು. ಇಷ್ಟು ಕಾಲ ಮುಖ್ಯ ಬ್ಯಾಲೆನ್ಸ್ ಸೊನ್ನೆಯಿದ್ದುದರಿಂದ ಕಡಿತ ಮಾಡಲು ಏನೂ ಸಿಗದೆ ಸುಮ್ಮನಿದ್ದ ಸೇವೆ, ಬ್ಯಾಲೆನ್ಸ್ ಕಂಡ ಕೂಡಲೇ ಕುಂಭಕರ್ಣನಂತೆ ಎದ್ದು ಕೂತು ತನ್ನ ಪಾಲನ್ನು ಎತ್ತಿಕೊಂಡಿತ್ತು. ಪ್ಯಾಕ್‌ಗಳಲ್ಲೇ ನಡೆಯುತ್ತಿರುವ ಸಿಮ್‌ಗೆ ಬಹಳ ದಿನಗಳ ನಂತರ ಟಾಪ್-ಅಪ್ ಹಾಕಿಸುವವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಇದೇ. ಇಂಥ ಮೌಲ್ಯವರ್ಧಿತ ಸೇವೆಗಳನ್ನು ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆ ಎಲ್ಲ ಕಂಪನಿಗಳಿಗೂ ಒಂದೇ ಇದೆ. ಟಾಪ್-ಅಪ್‌ಗೆ ಮುಂಚೆಯೇ ಆ ಸಂಖ್ಯೆಗೆ ಕರೆ ಮಾಡಿ, ಯಾವ ಸೇವೆಗಳು ಚಾಲ್ತಿಯಲ್ಲಿವೆಯೆಂದು ತಿಳಿದುಕೊಂಡು ನಿಲ್ಲಿಸಿಬಿಡಬೇಕು. ನಾನು ಆ ದಿನವೇ ನಿಲ್ಲಿಸಿದೆ. ಸೇವೆ ಹಿಂದೆಯೇ ಒಪ್ಪಿಗೆಯಿಂದ ಆರಂಭವಾಗಿತ್ತೆಂಬ ಕಾರಣಕ್ಕೆ ಹೋದ ಐದು ರೂಪಾಯಿ ಮರಳಲಿಲ್ಲ. ಆ್ಯಪ್‌ನಲ್ಲಿ ವಿವರ ಸಿಗದಿದ್ದರೆ ಪ್ರೀಪೇಯ್ಡ್ ಗ್ರಾಹಕರು ಬಳಕೆಯ ಪೂರ್ಣ ವಿವರಪಟ್ಟಿಯನ್ನು ಕಂಪನಿಯಿಂದ ಕೇಳಿ ಪಡೆಯಬಹುದು, ಅದಕ್ಕೆ ಐವತ್ತು ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಐದು ರೂಪಾಯಿ ಎಲ್ಲಿ ಹೋಯಿತೆಂದು ತಿಳಿಯಲು ಐವತ್ತು ಕೊಡುವವರು ಯಾರೋ ನನಗೆ ಗೊತ್ತಿಲ್ಲ.

ಮರುಪಾವತಿ ಬಂದದ್ದು ನಾವು ಕೇಳುವುದನ್ನು ಬಿಟ್ಟ ಮೇಲೆ. ಅಷ್ಟರಲ್ಲಿ 28 ದಿನಗಳ ಪ್ಯಾಕ್ ಮುಗಿದು ಹೊಸದನ್ನು ಹಾಕಿಸಿಯೂ ಆಗಿತ್ತು. ಟಾಪ್-ಅಪ್ ಬ್ಯಾಲೆನ್ಸ್ ಒಂದೇ ಇದ್ದರೆ ಸಾಲದು, ಸಿಮ್‌ನ ಸೇವೆ ಚಾಲ್ತಿಯಲ್ಲಿರಲು ಪ್ಯಾಕಿನ ಅವಧಿಯೂ ಇರಬೇಕು. ಬ್ಯಾಲೆನ್ಸ್ ರೂ. 90.19 ಆಯಿತು. ಇನ್ನು ಯಾವುದಾದರೂ ಕಡಿತ ಬರುವುದಕ್ಕೆ ಮುಂಚೆ ಎಂದು ಮಗ ಅದೇ ಕ್ಷಣ ಖರೀದಿಗೆ ಕೂತ. ಈ ಬಾರಿ ನಾಣ್ಯಗಳು ಕೆಲವೇ ಸೆಕೆಂಡುಗಳಲ್ಲಿ ಬಂದವು. ಖಾತೆಯಲ್ಲಿ ಉಳಿದದ್ದು ರೂ. 1.19.

ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಬರೆದೆವು. ಕೊಟ್ಟದ್ದು 120, ವಸ್ತುವಿನ ಬೆಲೆ 89, ನಡುವಿನ ವ್ಯತ್ಯಾಸ 31. ಅದರಲ್ಲಿ ಮೂರು ಟಾಪ್-ಅಪ್‌ಗಳ ಜಿಎಸ್‌ಟಿ ರೂ. 18.31, ಸಂಸ್ಕರಣಾ ಶುಲ್ಕ ನೂರರದಕ್ಕೆ ಮೂರು, ಹತ್ತರದಕ್ಕೆ ಒಂದೊಂದು ಸೇರಿ ಒಟ್ಟು ಐದು ರೂಪಾಯಿ, ಜೋಡಣೆಯ ಎಸ್‌ಎಂಎಸ್ ಒಂದೂವರೆ, ಕಾಲರ್ ಟ್ಯೂನ್ ಐದು, ಉಳಿಕೆ ರೂ. 1.19. ಅಂಗಡಿಯಲ್ಲಿ ನಗದು ಕೊಟ್ಟಿದ್ದರಿಂದ ಮತ್ತೇನೂ ಸೇರಲಿಲ್ಲ. ಪಾವತಿ ಆ್ಯಪ್‌ಗಳ ಮೂಲಕ ರೀಚಾರ್ಜ್ ಮಾಡುವವರಿಗೆ ಅವುಗಳ ಒಂದೆರಡು ರೂಪಾಯಿಯ ಪ್ಲಾಟ್‌ಫಾರ್ಮ್ ಶುಲ್ಕವೂ ಸೇರಬಹುದು. ಈ ಪಟ್ಟಿಯಲ್ಲಿ ಎಸ್‌ಎಂಎಸ್ಸನ್ನೂ ಕಾಲರ್ ಟ್ಯೂನನ್ನೂ ಎಚ್ಚರಿಕೆಯಿಂದ ತಪ್ಪಿಸಬಹುದು ಅಥವಾ ಮುಂದಿನ ಸಲ ಅವು ಇರುವುದಿಲ್ಲ. ತೆರಿಗೆ ಮಾತ್ರ ಪ್ರತಿ ಸಲವೂ ಇರುತ್ತದೆ, ಮತ್ತು ದೊಡ್ಡ ಪಾಲು ಅದರದೇ.

ಪೋಸ್ಟ್‌ಪೇಯ್ಡ್ ಸಿಮ್ ಇರುವವರಿಗೆ ಟಾಪ್-ಅಪ್‌ನ ಈ ಕಡಿತ ಇರುವುದಿಲ್ಲ, ಏಕೆಂದರೆ ಅಲ್ಲಿ ಖರೀದಿಯ ಮೊತ್ತ ತಿಂಗಳ ಬಿಲ್ಲಿಗೆ ಸೇರುತ್ತದೆ. ಆದರೆ ನಾವು ಈ ವಿಧಾನವನ್ನು ಆರಿಸಿಕೊಂಡದ್ದೇ ಖರ್ಚಿಗೆ ಮಿತಿಯಿರಲಿ ಎಂದು. ಮಕ್ಕಳ ಕೈಯಲ್ಲಿರುವ ಫೋನಿಗೆ ಬಿಲ್ಲಿನ ಸಾಲವನ್ನು ಜೋಡಿಸುವುದು ನನಗಂತೂ ಸರಿಯೆನಿಸುವುದಿಲ್ಲ. ಗೂಗಲ್ ಪ್ಲೇಯ ಗಿಫ್ಟ್ ಕೋಡ್‌ನಲ್ಲಿ ಅದೇ ಮಿತಿ ಸಿಗುತ್ತದೆ: ನೂರು ರೂಪಾಯಿಯ ಕೋಡನ್ನು ಪೋಷಕರು ತಮ್ಮ ಫೋನಿನಿಂದ ಕೊಂಡು ಕೊಟ್ಟರೆ ಮಗುವಿನ ಪ್ಲೇ ಖಾತೆಗೆ ಪೂರ್ತಿ ನೂರು ಸೇರುತ್ತದೆ, 89 ಹೋದರೆ ಹನ್ನೊಂದು ಅಲ್ಲೇ ಉಳಿಯುತ್ತದೆ. ಮಗನ ಮುಂದಿನ ಬೇಡಿಕೆಗೆ ನಾವು ಆ ದಾರಿಯನ್ನೇ ಹಿಡಿಯುವವರಿದ್ದೇವೆ. ಅದಕ್ಕಾಗಿ Payment methods ಪಟ್ಟಿಯಿಂದ ಸಿಮ್ ಬಿಲ್ಲಿಂಗನ್ನು ತೆಗೆದುಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ ಬದಲಿಸಿದ್ದೇನೆ. ಪಾಸ್‌ವರ್ಡ್ ಸದ್ಯಕ್ಕೆ ನನ್ನ ಬಳಿಯೇ ಇದೆ.